ಫ್ಯೂಸ್ ಹೋಗಲಿಲ್ಲ, ಸ್ವಿಚ್ ಕರಗಿತು

ಮಳೆಗಾಲಕ್ಕೆ ಮುಂಚೆ ಬೈಕಿಗೆ ಲೆಗ್ ಗಾರ್ಡ್ ಹಾಕಿಸಿ, ಅದರ ಮೇಲೆ ಎರಡು ಫಾಗ್ ಲೈಟ್ ಕೂರಿಸಿ, ಹ್ಯಾಂಡಲ್ ಪಕ್ಕ ಒಂದು ಮೊಬೈಲ್ ಚಾರ್ಜರ್ ಬಿಗಿಸಿಕೊಂಡು ಘಾಟಿ ಹತ್ತುವವರು ಈಗ ಬಹಳ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ಎಲ್ಲಿ ಕೇಳಿದರೂ ಈ ಮೂರನ್ನೂ ಒಂದೆರಡು ಗಂಟೆಯಲ್ಲಿ ಹಾಕಿಕೊಡುತ್ತಾರೆ. ಹಾಕಿದ ದಿನ ಎಲ್ಲವೂ ಚೆನ್ನಾಗಿ ಉರಿಯುತ್ತದೆ. ತೊಂದರೆ ತಲೆದೋರುವುದು ಕೆಲವು ತಿಂಗಳು ಕಳೆದ ಮೇಲೆ. ಡಿಪ್ಪರ್ ಸ್ವಿಚ್ ಒಂದೊಂದು ಸಲ ಕೆಲಸ ಮಾಡುವುದಿಲ್ಲ, ಹೆಡ್‌ಲೈಟ್ ಮಿಣುಕುತ್ತದೆ. ಬಿಚ್ಚಿ ನೋಡಿದರೆ ಸ್ವಿಚ್ಚಿನ ಒಳಗಿನ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆದರೆ ಫ್ಯೂಸ್ ಮಾತ್ರ ಹೊಸದರಂತೆ ಇರುತ್ತದೆ.

ಫ್ಯೂಸ್ ಸರಿಯಿದ್ದೂ ಸ್ವಿಚ್ ಕರಗಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ, ಬೈಕಿನ ವೈರಿಂಗ್ ಮೇಲೆ ಹೊರೆ ಬೀಳುವುದು ಅಂದರೆ ಏನು ಎಂಬುದೂ ಅರ್ಥವಾಗುತ್ತದೆ.

ಅಂಗಡಿಗಳಲ್ಲಿ ಸಮಯ ಉಳಿಸಲು ಮಾಡುವ ಕೆಲಸ ಹೀಗಿರುತ್ತದೆ. ಹೆಡ್‌ಲೈಟಿನ ಬುರುಡೆ ಬಿಚ್ಚಿ, ಬಲ್ಬಿಗೆ ಹೋಗುವ ವೈರಿನ ಮೇಲಿನ ಹೊದಿಕೆಯನ್ನು ಬ್ಲೇಡಿನಿಂದ ಒಂದಿಷ್ಟು ಕೆರೆದು, ಅಲ್ಲಿಗೆ ಹೊಸ ದೀಪದ ವೈರನ್ನು ಸುತ್ತಿ ಟೇಪ್ ಹಾಕುತ್ತಾರೆ. ಸಾಮಾನ್ಯವಾಗಿ ಹ್ಯಾಲೊಜೆನ್ ಹೆಡ್‌ಲೈಟ್ 55ರಿಂದ 60 ವ್ಯಾಟ್‌ನದು. 12 ವೋಲ್ಟ್ ಬ್ಯಾಟರಿಯಿಂದ ಅದು ಎಳೆಯುವುದು ಸುಮಾರು 5 ಆಂಪಿಯರ್ ಕರೆಂಟ್. ಕಂಪನಿಯವರು ಆ ವೈರಿನ ದಪ್ಪವನ್ನು, ಹ್ಯಾಂಡಲ್ ಸ್ವಿಚ್ಚಿನೊಳಗಿನ ಪುಟ್ಟ ತಾಮ್ರದ ತುಂಡುಗಳನ್ನು ಈ 5 ಆಂಪ್‌ಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಈಗ ಅದೇ ದಾರಿಗೆ 80 ವ್ಯಾಟ್‌ನ ಇನ್ನೊಂದು ಜೋಡಿ ಸೇರಿತು ಅನ್ನಿ. ಇನ್ನೂ ಆರೇಳು ಆಂಪ್ ಹೆಚ್ಚಾಗಿ ಒಟ್ಟು 11ರಿಂದ 12 ಆಂಪ್ ಆಗುತ್ತದೆ. ಆ ಸಾಲಿನ ಫ್ಯೂಸ್ 15 ಆಂಪ್‌ನದಾದರೆ ಅದಕ್ಕೆ ಇದು ತನ್ನ ಮಿತಿಯೊಳಗಿನ ಮಾತು. ಹೋಗಬೇಕಾದ ಕಾರಣವೇ ಇಲ್ಲ. ಕರೆಂಟ್ ಎರಡು ಪಟ್ಟಾದರೆ ದಾರಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಆ ಬಿಸಿಯೆಲ್ಲ ಸ್ವಿಚ್ಚಿನೊಳಗೆ, ಕಪ್ಲರ್ ಪಿನ್ನಿನಲ್ಲಿ, ಟೇಪ್ ಸುತ್ತಿದ ಆ ಗಂಟಿನಲ್ಲಿ ಕೂಡಿಕೊಳ್ಳುತ್ತದೆ.

ಗಂಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ಕೈಯಲ್ಲಿ ತಿರುಚಿದ ಜಾಯಿಂಟ್ ಮೊದಲ ದಿನ ಚೆನ್ನಾಗಿಯೇ ಇರುತ್ತದೆ. ಬೈಕಿನ ಅದುರುವಿಕೆಗೆ ಅದು ಸಡಿಲವಾಗುತ್ತದೆ, ಮಳೆ ನೀರು ಸೇರಿ ತಾಮ್ರ ಹಸಿರುಗಟ್ಟುತ್ತದೆ, ಕರೆಂಟ್ ಹರಿಯಲು ಅಡ್ಡಿ ಹೆಚ್ಚುತ್ತದೆ. ಆ ಅಡ್ಡಿ ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟಾದರೂ ಸಾಕು. ಆರೂವರೆ ಆಂಪ್ ಹರಿಯುವಾಗ ಬಟಾಣಿ ಗಾತ್ರದ ಆ ಜಾಗದಲ್ಲಿ ನಾಲ್ಕು ವ್ಯಾಟ್‌ಗೂ ಮಿಕ್ಕಿದ ಬಿಸಿ ಸತತವಾಗಿ ಹುಟ್ಟುತ್ತದೆ. ಗಾಳಿಯಾಡದ ಟೇಪಿನೊಳಗೆ ಹೊದಿಕೆ ಮೆತ್ತಗಾಗಲು ಅಷ್ಟೇ ಬೇಕಾದದ್ದು. ಹೊದಿಕೆ ಕರಗಿ ವೈರ್ ಫ್ರೇಮಿಗೆ ತಾಗಿದರೆ ಆಗ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಅನೇಕ ಬೈಕ್‌ಗಳಲ್ಲಿ ಆ ಒಂದೇ ಫ್ಯೂಸಿನ ಹಿಂದೆ ಹಾರ್ನ್, ಬ್ರೇಕ್ ಲೈಟ್, ಕೆಲವದರಲ್ಲಿ ಇಗ್ನಿಷನ್ ಕೂಡ ಇರುತ್ತದೆ. ಚಾರ್ಮಾಡಿಯ ತಿರುವಿನಲ್ಲಿ, ಮಂಜಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಎಂಜಿನ್, ಹೆಡ್‌ಲೈಟ್, ಹಿಂದಿನ ಕೆಂಪು ದೀಪ ಮೂರೂ ಒಟ್ಟಿಗೆ ಆರಿಹೋಗುವುದು ಹೀಗೆ. ಆಗ ಹೋದ ಫ್ಯೂಸಿನ ಜಾಗಕ್ಕೆ 30 ಆಂಪ್‌ನದನ್ನು ತುರುಕುವುದು, ಇಲ್ಲವೇ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ಇನ್ನೂ ದೊಡ್ಡ ಅಪಾಯ. ಫ್ಯೂಸ್ ಇರುವುದು ವೈರನ್ನು ಕಾಯಲು. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರೇ ಉರಿಯುತ್ತದೆ.

ಹಾಗಾಗಿ ಏನನ್ನಾದರೂ ಹಾಕಿಸುವ ಮುಂಚೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಬೈಕ್ ಇಷ್ಟು ಕರೆಂಟ್ ತಯಾರಿಸುತ್ತದೆಯೇ ಎಂಬುದು ಮೊದಲನೆಯದು. ಆ ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಎರಡನೆಯದು. ಅಂಗಡಿಯಲ್ಲಿ ರಿಲೇ ಹಾಕಿದ್ದೇವೆ, ಏನೂ ತೊಂದರೆ ಇಲ್ಲ ಎಂದು ಹೇಳುತ್ತಾರಲ್ಲ, ಅದು ಎರಡನೆಯದಕ್ಕೆ ಮಾತ್ರ ಉತ್ತರ.

ಮೊದಲನೆಯದನ್ನು ನೋಡೋಣ. ಬೈಕಿನಲ್ಲಿ ಕರೆಂಟ್ ಹುಟ್ಟುವುದು ಎಂಜಿನ್ ಪಕ್ಕದ ಮುಚ್ಚಳದ ಒಳಗೆ, ಮೆಕ್ಯಾನಿಕ್‌ಗಳು ಮ್ಯಾಗ್ನೆಟ್ ಕಾಯಿಲ್ ಎನ್ನುವ ಭಾಗದಲ್ಲಿ. ರೆಗ್ಯುಲೇಟರ್ ಅದನ್ನು ಹದಮಾಡಿ ಬ್ಯಾಟರಿಗೆ ಕೊಡುತ್ತದೆ. ಬ್ಯಾಟರಿ ಎಂದರೆ ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ, ನೀರೆತ್ತುವ ಮೋಟರ್ ಈ ಕಾಯಿಲ್. ಟ್ಯಾಂಕ್ ದೊಡ್ಡದು ಮಾಡಿದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. ದೀಪ ಹೆಚ್ಚಾಯಿತು, ಹೆಚ್ಚು ಆಂಪಿಯರ್-ಅವರ್‌ನ ಬ್ಯಾಟರಿ ಹಾಕೋಣ ಎನ್ನುವವರು ಮರೆಯುವುದು ಇದನ್ನೇ.

ಕಾಯಿಲ್ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದು ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆ ಅಂಕಿ ಎಂಜಿನ್ ನಿಮಿಷಕ್ಕೆ 5000 ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗಿನದು. ಉದಾಹರಣೆಗೆ ಫ್ಯೂಯೆಲ್ ಇಂಜೆಕ್ಷನ್ ಇರುವ ಒಂದು 350 ಸಿಸಿ ಬೈಕ್ ತೆಗೆದುಕೊಳ್ಳೋಣ, ಅದರ ಕಾಯಿಲ್ 200 ವ್ಯಾಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸದಾ ಉರಿಯುತ್ತಲೇ ಇರಬೇಕೆಂಬ ನಿಯಮ ಬಂತು. ಹಾಗಾಗಿ 55 ವ್ಯಾಟ್ ಹಗಲಲ್ಲೂ ಖರ್ಚು. 2020ರಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕ್‌ಗಳಿಗೆ ಕಾರ್ಬುರೇಟರ್ ಹೋಗಿ ಪೆಟ್ರೋಲ್ ಪಂಪ್ ಸೇರಿಕೊಂಡಿತು. ಅದಕ್ಕೆ 40 ವ್ಯಾಟ್ ಇಡಿ. ಇಗ್ನಿಷನ್, ಇಂಜೆಕ್ಟರ್, ಇಸಿಯು ಸೇರಿ 25. ಹಿಂದಿನ ದೀಪ, ಪಾರ್ಕಿಂಗ್ ಲೈಟ್, ಮೀಟರ್ ಸೇರಿ 10. ಏನನ್ನೂ ಹಾಕುವ ಮುಂಚೆಯೇ 130 ವ್ಯಾಟ್ ಖಾಲಿ. ಉಳಿದದ್ದು 70.

ಇದಕ್ಕೆ ತಲಾ 20 ವ್ಯಾಟ್‌ನ ಎರಡು ಫಾಗ್ ಲೈಟ್ ಹಾಕಿದರೆ 40. ಫೋನಿಗೆ 18 ವ್ಯಾಟ್ ಕೊಡುವ ಚಾರ್ಜರ್ ತಾನೂ ಸ್ವಲ್ಪ ತಿಂದು ಬ್ಯಾಟರಿಯಿಂದ 20 ವ್ಯಾಟ್ ಎಳೆಯುತ್ತದೆ. ಒಟ್ಟು 60. ಕಾಗದದ ಮೇಲೆ 10 ವ್ಯಾಟ್ ಮಿಕ್ಕಿದೆ, ಆದರೆ ಅದು ಸಾಲದು. ಬಲ್ಬಿನ ಬ್ರೇಕ್ ಲೈಟ್ ಒಂದಕ್ಕೇ 21 ವ್ಯಾಟ್ ಬೇಕು. ಇಂಡಿಕೇಟರ್, ಹಾರ್ನ್ ಬೇರೆ. ಸೆಲ್ಫ್ ಹೊಡೆದಾಗ ಬ್ಯಾಟರಿ ಕಳೆದುಕೊಂಡದ್ದನ್ನು ವಾಪಸ್ ತುಂಬುವುದಕ್ಕೂ ಉಳಿಯಬೇಕು. ಒಟ್ಟು ಉತ್ಪಾದನೆಯಲ್ಲಿ ಎಂಟನೇ ಒಂದು ಭಾಗವಾದರೂ, ಎಂದರೆ ಇಲ್ಲಿ 25 ವ್ಯಾಟ್, ಮುಟ್ಟದೆ ಬಿಡಬೇಕು ಎಂಬುದು ನನ್ನ ಪಟ್ಟು. ಆ ಲೆಕ್ಕಕ್ಕೆ ತಲಾ 12 ವ್ಯಾಟ್‌ನ ದೀಪದ ಜೋಡಿ ಸರಿಹೊಂದುತ್ತದೆ. ಒಳ್ಳೆಯ ಲೆನ್ಸ್ ಇರುವ 12 ವ್ಯಾಟ್ ಎಲ್‌ಇಡಿ ರಸ್ತೆಯ ಅಂಚು ತೋರಿಸಲು ಧಾರಾಳವಾಗಿ ಸಾಕು. ಸಣ್ಣ ಕಮ್ಯೂಟರ್ ಬೈಕ್‌ಗಳ ಕಾಯಿಲ್ ಇದಕ್ಕಿಂತ ಬಹಳ ಚಿಕ್ಕದು. ಅವುಗಳಿಗೆ ದೀಪದ ಆಸೆ ಬಿಟ್ಟು ಚಾರ್ಜರ್‌ಗೆ ನಿಲ್ಲುವುದೇ ಲೇಸು.

ಇದು ಓಡುವಾಗಿನ ಲೆಕ್ಕ. ನಿಂತಾಗ ಪರಿಸ್ಥಿತಿಯೇ ಬೇರೆ. ಐಡ್ಲಿಂಗ್‌ನಲ್ಲಿ ಕಾಯಿಲ್ ಕೊಡುವ ಕರೆಂಟ್ ಬೈಕಿನ ಮೂಲ ಖರ್ಚಿಗೆ ಸರಿಯಾಗಿ ಸಾಕಾಗುವಷ್ಟಿರುತ್ತದೆ. ನಾವು ಸೇರಿಸಿದ್ದೆಲ್ಲ ಬ್ಯಾಟರಿಯಿಂದಲೇ ಹೋಗುತ್ತದೆ. ನೆಲಮಂಗಲದ ಹತ್ತಿರ ವಾಹನಗಳ ಸಾಲಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡಿದ್ದೀರಿ, ಫಾಗ್ ಲೈಟ್ ಉರಿಯುತ್ತಿದೆ, ಫೋನ್ ಚಾರ್ಜ್ ಆಗುತ್ತಿದೆ. 60 ವ್ಯಾಟ್ ಎಂದರೆ ಸುಮಾರು 5 ಆಂಪ್, ಅರ್ಧ ಗಂಟೆಗೆ ಎರಡೂವರೆ ಆಂಪಿಯರ್-ಅವರ್. ಬ್ಯಾಟರಿ 8 ಆಂಪಿಯರ್-ಅವರ್‌ನದಾದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಹೋಯಿತು. ಇಂಜೆಕ್ಷನ್ ಬೈಕಿನಲ್ಲಿ ಇದು ಸಣ್ಣ ಸಂಗತಿಯಲ್ಲ. ವೋಲ್ಟೇಜ್ ತೀರಾ ಇಳಿದರೆ ಪೆಟ್ರೋಲ್ ಪಂಪ್ ಒತ್ತಡ ಕೊಡುವುದಿಲ್ಲ, ತಳ್ಳಿ ಸ್ಟಾರ್ಟ್ ಮಾಡಿದರೂ ಎಂಜಿನ್ ಏಳುವುದಿಲ್ಲ. ಆದ್ದರಿಂದ ಫಾಗ್ ಲೈಟ್‌ಗೆ ಕೈಗೆಟುಕುವ ಪ್ರತ್ಯೇಕ ಸ್ವಿಚ್ ಇರಲೇಬೇಕು, ನಿಂತಲ್ಲಿ ಆರಿಸಲೇಬೇಕು.

ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೆಬ್ಬೆರಳಿನಷ್ಟು ಉದ್ದದ ದೀಪದ ಮೇಲೆ 120 ವ್ಯಾಟ್ ಎಂದು ಬರೆದಿರುತ್ತಾರೆ. ಅಷ್ಟು ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ಅದರಲ್ಲಿ ಇರುವುದಿಲ್ಲ, ಹಾಗಾಗಿ ಅದು ಅಷ್ಟು ಎಳೆಯುವುದೂ ಇಲ್ಲ. ಮಲ್ಟಿಮೀಟರ್ ಒಂದನ್ನು 10 ಆಂಪ್ ಸ್ಥಾನದಲ್ಲಿಟ್ಟು, ಬ್ಯಾಟರಿಯ ಪಾಸಿಟಿವ್‌ಗೂ ದೀಪದ ಕೆಂಪು ವೈರಿಗೂ ನಡುವೆ ಸೇರಿಸಿ, ಕಪ್ಪು ವೈರನ್ನು ನೇರ ನೆಗೆಟಿವ್‌ಗೆ ಹಿಡಿದರೆ ನಿಜವಾದ ಆಂಪ್ ತಿಳಿಯುತ್ತದೆ. ಅದನ್ನು ಆ ಹೊತ್ತಿನ ಬ್ಯಾಟರಿ ವೋಲ್ಟೇಜಿನಿಂದ ಗುಣಿಸಿದರೆ ವ್ಯಾಟ್ ಸಿಕ್ಕಿತು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಇದನ್ನು ನೋಡಿಕೊಳ್ಳಬಹುದು.

ಈಗ ದಾರಿಯ ವಿಷಯ. ಹೊಸ ಸಾಮಾನುಗಳಿಗೆ ಬ್ಯಾಟರಿಯಿಂದ ನೇರವಾಗಿ ತಮ್ಮದೇ ದಾರಿ ಇರಬೇಕು, ಬೈಕಿನ ಹಳೆಯ ವೈರ್ ಅವಕ್ಕೆ ಸನ್ನೆ ಮಾತ್ರ ಮಾಡಬೇಕು. ಆ ಸನ್ನೆಗೆ ತಕ್ಕಂತೆ ದಾರಿ ತೆರೆದು ಮುಚ್ಚುವ ಸಾಧನ ರಿಲೇ. ನಾಲ್ಕು ಕಾಲಿನ ಆ ಕಪ್ಪು ಡಬ್ಬಿಯ ತಳದಲ್ಲಿ 30, 85, 86, 87 ಎಂದು ಅಚ್ಚಾಗಿರುತ್ತದೆ. ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ದಾಟಿ ಬರುವ ದಪ್ಪ ವೈರ್ 30ಕ್ಕೆ, ದೀಪಕ್ಕೆ ಹೋಗುವುದು 87ರಿಂದ. 85 ಬ್ಯಾಟರಿ ನೆಗೆಟಿವ್‌ಗೆ. 86ಕ್ಕೆ ಸನ್ನೆಯ ವೈರ್: ಇದನ್ನು ಹಿಂದಿನ ದೀಪಕ್ಕೋ ಪಾರ್ಕಿಂಗ್ ಲೈಟಿಗೋ ಹೋಗುವ ವೈರಿನಿಂದ ತೆಗೆದು, ನಡುವೆ ಫಾಗ್ ಲೈಟಿನ ಸ್ವಿಚ್ ಇಡುತ್ತಾರೆ. ರಿಲೇಯ ಸುರುಳಿ ಎಳೆಯುವುದು ಸುಮಾರು 0.15 ಆಂಪ್ ಮಾತ್ರ, ಆ ಹಳೆಯ ವೈರಿಗೆ ಅದು ಗೊತ್ತೂ ಆಗುವುದಿಲ್ಲ. ಕೀ ತೆಗೆದರೆ ಸನ್ನೆ ನಿಲ್ಲುತ್ತದೆ, ದೀಪವೂ ಆರುತ್ತದೆ.

ಚಾರ್ಜರ್‌ಗೂ ಹೀಗೇ ಇನ್ನೊಂದು ರಿಲೇ ಹಾಕುವುದು ಒಳ್ಳೆಯದು. ಎಳೆಯುವುದು ಎರಡು ಆಂಪ್‌ಗಿಂತ ಕಡಿಮೆ, ನೇರ ಬ್ಯಾಟರಿಗೆ ಕೊಟ್ಟರೆ ಆಯಿತಲ್ಲ ಎನ್ನುತ್ತಾರೆ. ಫೋನ್ ಇಲ್ಲದಾಗಲೂ ಚಾರ್ಜರ್‌ನ ಒಳಗಿನ ಸರ್ಕ್ಯೂಟ್, ಅದರ ನೀಲಿ ದೀಪ, ಪುಟ್ಟ ವೋಲ್ಟ್ ಮೀಟರ್ ಸೇರಿ ಕೆಲವು ಮಿಲಿಆಂಪ್ ಎಳೆಯುತ್ತಲೇ ಇರುತ್ತವೆ. 20 ಮಿಲಿಆಂಪ್ ಎಂದುಕೊಂಡರೂ ದಿನಕ್ಕೆ ಅರ್ಧ ಆಂಪಿಯರ್-ಅವರ್. ಬೈಕ್ ನಿಲ್ಲಿಸಿ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ 8 ಆಂಪಿಯರ್-ಅವರ್‌ನ ಬ್ಯಾಟರಿ ಅರ್ಧಕ್ಕಿಂತ ಕೆಳಗಿರುತ್ತದೆ. ಬ್ಯಾಟರಿ ಕೆಟ್ಟಿದೆ ಎಂದು ಹೊಸದು ತಂದವರೂ ಇದ್ದಾರೆ, ಹೊಸದೂ ಹಾಗೇ ಆಗುತ್ತದೆ.

ಫ್ಯೂಸ್ ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು. ದೀಪದ ಹತ್ತಿರ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಯಾವ ಕಾವಲೂ ಇಲ್ಲ. ನಮ್ಮ ಉದಾಹರಣೆಯ ದೀಪದ ಜೋಡಿ ಎರಡು ಆಂಪ್ ಎಳೆಯುತ್ತದೆ, ಅದಕ್ಕೆ 5 ಆಂಪ್ ಫ್ಯೂಸ್, ಚಾರ್ಜರ್‌ಗೆ 3 ಆಂಪ್. ವೈರ್ ದೀಪಕ್ಕೆ 1 ಚದರ ಮಿಲಿಮೀಟರ್, ಚಾರ್ಜರ್‌ಗೆ 0.75 ಸಾಕು. ಕೆಲವು ಅಗ್ಗದ ಕಿಟ್‌ಗಳಲ್ಲಿ ಹೊದಿಕೆ ದಪ್ಪ, ಒಳಗೆ ತಾಮ್ರ ಕೂದಲೆಳೆಯಷ್ಟು. ತುದಿ ಸುಲಿದು ನೋಡಿಯೇ ಕೊಳ್ಳಬೇಕು. ಜಾಯಿಂಟ್‌ಗಳನ್ನು ತಿರುಚುವ ಬದಲು ಲಗ್ ಹಾಕಿ ಇಕ್ಕಳದಲ್ಲಿ ಅದುಮಿ, ಮೇಲೆ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಹಾಕಿಸಿ. ವೈರನ್ನು ಕಚ್ಚಿ ಹಿಡಿಯುವ ನೀಲಿ, ಕೆಂಪು ಕ್ಲಿಪ್‌ಗಳು ಒಳಗಿನ ಎಳೆಗಳನ್ನೇ ಕತ್ತರಿಸುತ್ತವೆ, ಅದುರುವ ಬೈಕಿಗೆ ಅವು ತಕ್ಕವಲ್ಲ.

ಈಚಿನ ಕೆಲವು ಬೈಕ್‌ಗಳಲ್ಲಿ ದೀಪಗಳು ಎಷ್ಟು ಕರೆಂಟ್ ಎಳೆಯುತ್ತಿವೆ ಎಂದು ಬೈಕೇ ಗಮನಿಸುತ್ತಿರುತ್ತದೆ. ಅಂಥದ್ದರಲ್ಲಿ ಸನ್ನೆಯ ಪುಟ್ಟ ವೈರ್ ತೆಗೆದರೂ ಮೀಟರಿನಲ್ಲಿ ಎಚ್ಚರಿಕೆ ದೀಪ ಬರಬಹುದು. ಕಂಪನಿಯೇ ಕೊಟ್ಟಿರುವ ಆಕ್ಸೆಸರಿ ಕಪ್ಲರ್ ಇದೆಯೇ ಎಂದು ಮ್ಯಾನ್ಯುಯಲ್‌ನಲ್ಲಿ ಹುಡುಕಿ, ಇದ್ದರೆ ಸನ್ನೆಯನ್ನು ಅಲ್ಲಿಂದ ಪಡೆಯಿರಿ. ವೈರಿಂಗ್ ಕತ್ತರಿಸದೆ ಉಳಿದರೆ ವಾರಂಟಿಯ ತಕರಾರೂ ಇಲ್ಲ.

ಲೆಗ್ ಗಾರ್ಡಿಗೂ ವೈರಿಂಗ್‌ಗೂ ಏನು ಸಂಬಂಧ ಎನಿಸಬಹುದು. ನಿಜಕ್ಕೂ ಮೊದಲು ಕೂರಬೇಕಾದದ್ದು ಗಾರ್ಡೇ, ದೀಪ ಎಲ್ಲಿ ನಿಲ್ಲುತ್ತದೆ, ವೈರ್ ಎಲ್ಲಿ ಸಾಗುತ್ತದೆ ಎಂಬುದನ್ನು ಅದೇ ನಿರ್ಧರಿಸುತ್ತದೆ. ಗಾರ್ಡಿನ ಕ್ಲಾಂಪ್ ಫ್ರೇಮಿನ ಕೊಳವೆಯನ್ನು ಅಪ್ಪಿ ಹಿಡಿಯುವ ಜಾಗದಲ್ಲಿ ಕಂಪನಿಯ ವೈರ್ ಗೊಂಚಲೋ ಹಾರ್ನಿನ ವೈರೋ ಹಾದುಹೋಗಿದ್ದರೆ, ಬೋಲ್ಟ್ ಬಿಗಿಯುವಾಗ ಅದು ನಡುವೆ ಸಿಕ್ಕಿ ಹಿಸುಕಿಹೋಗುತ್ತದೆ. ಅಂದೇ ಶಾರ್ಟ್ ಆಗುವುದಿಲ್ಲ, ಹೊದಿಕೆ ಸವೆದು ಯಾವುದೋ ಮಳೆಯ ದಿನ ಆಗುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲಿ ಮಾತ್ರ ತಿರುಗಿಸಿ, ಸಂದಿಗಳಲ್ಲಿ ಬೆರಳಾಡಿಸಿ ವೈರ್ ಸಿಕ್ಕಿಲ್ಲ ಎಂದು ಖಚಿತ ಮಾಡಿಕೊಂಡು, ಆಮೇಲೆ ಸ್ಪ್ಯಾನರ್ ಹಾಕಬೇಕು.

ದೀಪದ ಬ್ರಾಕೆಟ್ ಸರಿಹೊಂದದಿದ್ದರೆ ಪಕ್ಕದ ವೆಲ್ಡಿಂಗ್ ಅಂಗಡಿಗೆ ಬೈಕನ್ನೇ ತಳ್ಳಿಕೊಂಡು ಹೋಗಿ ಗಾರ್ಡಿಗೆ ಒಂದು ತುಂಡು ಬೆಸೆಸುವ ರೂಢಿ ಇದೆ. ದಯವಿಟ್ಟು ಇದನ್ನು ಮಾಡಬೇಡಿ. ವೆಲ್ಡಿಂಗ್‌ನ ಕರೆಂಟ್ ಫ್ರೇಮಿನ ಮೂಲಕ ಹಾದು ರೆಗ್ಯುಲೇಟರನ್ನೋ ಇಸಿಯುವನ್ನೋ ಸುಡಬಹುದು. ಗಾರ್ಡ್ ಬಿಚ್ಚಿ ಪ್ರತ್ಯೇಕವಾಗಿ ಕೊಂಡೊಯ್ದರೆ ಕಾಲು ಗಂಟೆ ಹೆಚ್ಚಿನ ಕೆಲಸ, ಇಸಿಯುವಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ದೀಪದ ಕಪ್ಪು ವೈರನ್ನು ಗಾರ್ಡಿನ ಬೋಲ್ಟಿಗೇ ಕಟ್ಟಿ ಅರ್ಥ್ ಆಯಿತು ಎನ್ನುವುದು ಇನ್ನೊಂದು ತಪ್ಪು. ಗಾರ್ಡಿಗೆ ಪೌಡರ್ ಕೋಟಿಂಗ್ ಇರುತ್ತದೆ, ಫ್ರೇಮಿಗೆ ಬಣ್ಣ ಇರುತ್ತದೆ, ಎರಡೂ ಕರೆಂಟಿಗೆ ಅಡ್ಡಿ. ಬೋಲ್ಟಿನ ಎಳೆಯ ಮೂಲಕ ಹೇಗೋ ಹರಿದು ದೀಪ ಉರಿಯುತ್ತದೆ, ತುಕ್ಕು ಹಿಡಿದಂತೆ ಮಂಕಾಗುತ್ತದೆ. ಕಪ್ಪು ವೈರ್ ಕೆಂಪಿನ ಜೊತೆಗೇ ಬ್ಯಾಟರಿ ನೆಗೆಟಿವ್‌ವರೆಗೆ ಹೋಗಲಿ.

ಗಾರ್ಡ್ ಇರುವುದೇ ಬಿದ್ದಾಗ ನೆಲಕ್ಕೆ ಮೊದಲು ತಾಗಲು. ಅದರ ಹೊರ ಅಂಚಿಗೆ ದೀಪ ಕಟ್ಟಿದರೆ ಮೊದಲ ಪೆಟ್ಟು ದೀಪಕ್ಕೇ. ಬೈಕ್ ನಿಂತಲ್ಲೇ ವಾಲಿ ಬಿದ್ದರೂ ದೀಪ ಕಿತ್ತು ಬರುತ್ತದೆ, ವೈರನ್ನೂ ಎಳೆಯುತ್ತದೆ. ದೀಪವನ್ನು ಗಾರ್ಡಿನ ಒಳಬಾಗಕ್ಕೆ, ಎಂಜಿನ್ ಕಡೆಗೆ ಸರಿಸಿ ಕೂರಿಸಿ. ದೀಪದಿಂದ ಒಂದು ಗೇಣು ಈಚೆಗೆ ನೀರು ಹೋಗದ ಕಪ್ಲರ್ ಒಂದನ್ನು ಇಟ್ಟರೆ ಎಳೆತಕ್ಕೆ ಅದು ಕಳಚಿಕೊಳ್ಳುವ ಸಂಭವ ಹೆಚ್ಚು, ಗೊಂಚಲು ಹರಿಯುವುದು ತಪ್ಪುತ್ತದೆ. ವೈರ್ ಕೊಳವೆಯ ಹಿಂಬದಿಯಲ್ಲಿ ಸಾಗಲಿ, ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಮುಂದಿನ ಫೋರ್ಕ್ ಹತ್ತಿರ ಹೋಗುವ ಚಾರ್ಜರ್ ವೈರಿಗೆ ಸಡಿಲ ಬಿಟ್ಟು, ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ ಎಲ್ಲೂ ಬಿಗಿಯಾಗುತ್ತಿಲ್ಲ ಎಂದು ನೋಡಬೇಕು.

ದೀಪದ ಮುಖ ಎತ್ತ ಇರಬೇಕು ಎಂಬುದಕ್ಕೆ ಕಾನೂನೂ ಇದೆ, ಎದುರು ಬರುವವರ ಜೀವವೂ ಇದೆ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ 2024ರಲ್ಲಿ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಪ್ರಕರಣ ದಾಖಲಿಸಿದ್ದು ನೆನಪಿರಬಹುದು. ಗೋಡೆಯಿಂದ ಐದು ಮೀಟರ್ ದೂರದಲ್ಲಿ, ಬೈಕ್ ಮೇಲೆ ಕುಳಿತುಕೊಂಡು ದೀಪ ಹೊತ್ತಿಸಿ. ಗೋಡೆಯ ಮೇಲಿನ ಬೆಳಕಿನ ಮೇಲಂಚು ದೀಪ ಇರುವ ಎತ್ತರಕ್ಕಿಂತ ಕೆಳಗೇ ಇರಬೇಕು. ಮಂಜಿನಲ್ಲಿ ನಮಗೂ ಬೇಕಾದದ್ದು ಅದೇ, ಮೇಲಕ್ಕೆ ಹೋದ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಎಲ್ಲ ಮುಗಿದ ಮೇಲೆ ಅಂಗಡಿ ಬಿಡುವ ಮುಂಚೆ ಎರಡು ಪರೀಕ್ಷೆ. ಮೊದಲನೆಯದಕ್ಕೆ ಮಲ್ಟಿಮೀಟರನ್ನು 20 ವೋಲ್ಟ್ ಸ್ಥಾನದಲ್ಲಿಟ್ಟು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಬೈಕಿನ ಆರೋಗ್ಯವಂತ ಬ್ಯಾಟರಿ 12.6ಕ್ಕಿಂತ ಮೇಲೆ ತೋರಿಸುತ್ತದೆ. ಎಂಜಿನ್ ಹಾಕಿ, ಹೆಡ್‌ಲೈಟ್, ಫಾಗ್ ಲೈಟ್, ಚಾರ್ಜ್ ಆಗುತ್ತಿರುವ ಫೋನ್ ಎಲ್ಲ ಇರುವಾಗ ಆಕ್ಸಿಲರೇಟರ್ ಕೊಟ್ಟು 3500 ಸುತ್ತಿನಲ್ಲಿ ಹಿಡಿದರೆ 13.5ರಿಂದ 14.5ರ ನಡುವೆ ಇರಬೇಕು. ಅಲ್ಲೂ 13 ದಾಟದಿದ್ದರೆ ಲೆಕ್ಕ ತಪ್ಪಿದೆ, ಒಂದು ಸಾಮಾನು ಕಡಿಮೆ ಮಾಡಲೇಬೇಕು. ಐಡ್ಲಿಂಗ್‌ಗೆ ಬಿಟ್ಟಾಗ 12.8ರ ಕೆಳಗೆ ಇಳಿದರೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದರ್ಥ, ಟ್ರಾಫಿಕ್‌ನಲ್ಲಿ ದೀಪ ಆರಿಸುವ ಅಭ್ಯಾಸ ಆ ಬೈಕಿಗೆ ಕಡ್ಡಾಯ.

ಎರಡನೆಯದು ದಾರಿಯ ಪರೀಕ್ಷೆ. ಫಾಗ್ ಲೈಟ್ ಉರಿಯುತ್ತಿರಲಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದನ್ನು ದೀಪದ ಕಪ್ಲರ್‌ನಲ್ಲಿರುವ ಕೆಂಪು ವೈರಿನ ಪಿನ್ನಿಗೆ ಹಿಡಿಯಿರಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜನ್ನು. ಅದು 0.3 ವೋಲ್ಟ್ ಒಳಗಿದ್ದರೆ ವೈರ್, ಫ್ಯೂಸ್, ರಿಲೇ, ಜಾಯಿಂಟ್ ಎಲ್ಲ ಸರಿ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಒಂದು ಕಡೆ ಬಿಸಿಯಾಗುತ್ತಿದೆ. ಕಡ್ಡಿಯನ್ನು ಒಂದೊಂದೇ ಜಾಯಿಂಟಿನ ಈಚೆಗೂ ಆಚೆಗೂ ಸರಿಸುತ್ತಾ ಬಂದರೆ ಅಂಕಿ ಎಲ್ಲಿ ಥಟ್ಟನೆ ಜಿಗಿಯುತ್ತದೋ ಅಲ್ಲಿಯೇ ಸಡಿಲ. ಕಪ್ಪು ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಇದೇ ಪರೀಕ್ಷೆ ಮಾಡಿ. ಒಂದು ಮಳೆಗಾಲ ಕಳೆದ ಮೇಲೆ ಎರಡನ್ನೂ ಮತ್ತೊಮ್ಮೆ ಅಳೆದು, ಹಾಕಿಸಿದ ದಿನದ ಅಂಕಿಯ ಪಕ್ಕ ಬರೆದಿಟ್ಟುಕೊಂಡರೆ, ಸ್ವಿಚ್ ಕರಗಿ ವಾಸನೆ ಬರುವುದಕ್ಕೆ ಬಹಳ ಮುಂಚೆಯೇ ಯಾವ ಜಾಯಿಂಟ್ ಕೆಡುತ್ತಿದೆ ಎಂದು ತಿಳಿಯುತ್ತದೆ.